ಹದಿನೆಂಟೇ ದಿನ ಉಳಿದಿದ್ದ ರಾಗಿ ಮಾಲ್ಟ್

(ನಮ್ಮ ಬಡಾವಣೆಯ ಗ್ರಂಥಾಲಯದಲ್ಲಿ ಒಂದು ಭಾನುವಾರ ಸಂಜೆ ಆಡಿದ ಮಾತುಗಳ ಬರಹ ರೂಪ. ಕೇಳಿದವರ ಪ್ರಶ್ನೆಗಳನ್ನೂ ಕೊನೆಯಲ್ಲಿ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ನಮ್ಮ ಅಕ್ಕನ ಮನೆಯಲ್ಲಿ ನಡೆದದ್ದನ್ನು ಮೊದಲು ಹೇಳಿಬಿಡುತ್ತೇನೆ. ಅಕ್ಕನಿಗೆ ಇಬ್ಬರು ಮೊಮ್ಮಕ್ಕಳು. ಇಬ್ಬರಿಗೂ ಬೆಳಿಗ್ಗೆ ರಾಗಿ ಮಾಲ್ಟ್ ಬೇಕು. 2025ರ ಜೂನ್ 21ರಂದು ಮೊಬೈಲ್ ಆ್ಯಪ್ ಒಂದರಲ್ಲಿ ಒಂದೊಂದು ಕೆಜಿಯ ಎರಡು ಪ್ಯಾಕೆಟ್ ತರಿಸಿದಳು. ಪ್ಯಾಕೆಟ್‌ಗೆ 340 ರೂಪಾಯಿ, ಎರಡಕ್ಕೆ 680. ಡೆಲಿವರಿಗೆ 25 ರೂಪಾಯಿ ಬೇರೆ. ಸಾಮಾನು ಅರ್ಧ ಗಂಟೆಯಲ್ಲಿ ಬಂತು. ಡಬ್ಬಿಗೆ ಸುರಿಯುವ ಮುಂಚೆ, ಪುಣ್ಯಕ್ಕೆ, ಪ್ಯಾಕೆಟ್ಟಿನ ಹಿಂದೆ ನೋಡಿದಳು. ತಯಾರಾದ ದಿನ 10 ಜನವರಿ 2025. ಎಕ್ಸ್‌ಪೈರಿ 9 ಜುಲೈ 2025. ಎರಡರಲ್ಲೂ ಅದೇ ತಾರೀಖು.

ನನಗೆ ಫೋನ್ ಮಾಡಿ, "ಏನೋ ಇದು, ಇನ್ನು ಹದಿನೆಂಟು ದಿನಕ್ಕೆ ಎರಡು ಕೆಜಿ ಹೇಗೋ ಖಾಲಿ ಮಾಡ್ಲಿ?" ಅಂದಳು. ಆ್ಯಪ್‌ನ ಚಾಟ್‌ನಲ್ಲಿ ಕೇಳಿದರೆ ಬಂದ ಉತ್ತರ ಇಷ್ಟೇ: ವಸ್ತುವಿನ ಅವಧಿ ಇನ್ನೂ ಮುಗಿದಿಲ್ಲ, ದಿನಸಿ ಸಾಮಾನು ವಾಪಸ್ ತಗೊಳ್ಳುವುದಿಲ್ಲ.

ಮಾತು ಸರಿಯೇ ಅಲ್ವಾ ಅಂತ ಅನ್ನಿಸುತ್ತದೆ. ಅವಧಿ ಮುಗಿದಿಲ್ಲ, ಕೆಟ್ಟೂ ಹೋಗಿಲ್ಲ. ಹಾಗಾದರೆ ಏನಂತ ಕೇಳುವುದು? ಬಹಳ ಜನ ಇಲ್ಲಿಗೇ ಸುಮ್ಮನಾಗಿಬಿಡುತ್ತಾರೆ. ಆದರೆ ಕೇಳಲು ದಾರಿ ಇದೆ. ಆ ದಾರಿ ಎಲ್ಲಿಯವರೆಗೆ ಹೋಗುತ್ತದೆ, ಎಲ್ಲಿ ನಿಂತುಬಿಡುತ್ತದೆ ಅನ್ನುವುದನ್ನು ಇವತ್ತು ಇದೊಂದೇ ರಾಗಿ ಮಾಲ್ಟ್ ಹಿಡಿದುಕೊಂಡು ನೋಡೋಣ.

ಮೊದಲು ಒಂದು ಗೆರೆ ಎಳೆದುಕೊಳ್ಳಬೇಕು. ಎಕ್ಸ್‌ಪೈರಿ ದಾಟಿದ ಆಹಾರ ಮಾರುವುದು ಒಂದು ವಿಷಯ. ಎಕ್ಸ್‌ಪೈರಿ ಹತ್ತಿರ ಬಂದ ಆಹಾರ ಕಳಿಸುವುದು ಬೇರೆ ವಿಷಯ. ದಾಟಿದ್ದನ್ನು ಮಾರಿದರೆ 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆಯ 27ನೇ ಸೆಕ್ಷನ್ ಪ್ರಕಾರ ಮಾರಿದವರೇ ಹೊಣೆ. ಅಲ್ಲಿ ವಾದಕ್ಕೆ ಜಾಗ ಇಲ್ಲ. ನಮ್ಮ ಅಕ್ಕನ ಪ್ಯಾಕೆಟ್ ಆ ಗುಂಪಿಗೆ ಸೇರುವುದಿಲ್ಲ. ಹಾಗಾಗಿ ದೂರಿನಲ್ಲಿ "ಎಕ್ಸ್‌ಪೈರಿ ಆದ ಸಾಮಾನು ಕೊಟ್ಟರು" ಅಂತ ಸಿಟ್ಟಿನಲ್ಲಿ ಬರೆಯಬಾರದು. ಬರೆದರೆ ಅವರು ಒಂದು ಫೋಟೋ ತೋರಿಸಿ ನಿಮ್ಮ ಇಡೀ ದೂರನ್ನು ಸುಳ್ಳು ಮಾಡಿಬಿಡುತ್ತಾರೆ. ಆರೋಗ್ಯಕ್ಕೆ ಅಪಾಯ ಅಂತಲೂ ಬರೆಯಬಾರದು, ಯಾಕೆಂದರೆ ಆ ದಿನದ ಮಟ್ಟಿಗೆ ಅಪಾಯ ಇರಲಿಲ್ಲ. ನಮ್ಮ ನಷ್ಟ ದುಡ್ಡಿನದು. ನಮಗೆ ಹೇಳದೆ ಮುಚ್ಚಿಟ್ಟ ಒಂದು ಮಾಹಿತಿಯದು.

ಈಗ ನಿಯಮಕ್ಕೆ ಬರೋಣ. ಆನ್‌ಲೈನ್‌ನಲ್ಲಿ ಆಹಾರ ಮಾರುವವರಿಗೆ ಎಫ್‌ಎಸ್‌ಎಸ್‌ಎಐ, ಅಂದರೆ ನಮ್ಮ ದೇಶದ ಆಹಾರ ಸುರಕ್ಷತೆ ಪ್ರಾಧಿಕಾರ, 2017ರಲ್ಲೇ ಒಂದು ಮಾರ್ಗಸೂಚಿ ಕೊಟ್ಟಿತ್ತು. ಗ್ರಾಹಕರ ಕೈಗೆ ಸಾಮಾನು ತಲುಪುವ ಹೊತ್ತಿಗೆ ಅದರ ಒಟ್ಟು ಬಾಳಿಕೆಯ ಶೇಕಡಾ 30ರಷ್ಟು, ಇಲ್ಲವೇ 45 ದಿನ ಉಳಿದಿರಬೇಕು ಅಂತ. 2024ರ ನವೆಂಬರ್‌ನಲ್ಲಿ ಆನ್‌ಲೈನ್ ಕಂಪನಿಗಳ ಸಭೆ ಕರೆದು ಇದೇ ಮಾತನ್ನು ಮತ್ತೆ ಒತ್ತಿ ಹೇಳಿತು. ಕೆಲವೇ ನಿಮಿಷದಲ್ಲಿ ಸಾಮಾನು ತಂದುಕೊಡುವ ಆ್ಯಪ್‌ಗಳು ಬಂದ ಮೇಲೆ ಈ ದೂರುಗಳು ಜಾಸ್ತಿ ಕಿವಿಗೆ ಬೀಳುತ್ತಿವೆ.

ಇಲ್ಲಿ ಎರಡು ಪದಗಳನ್ನು ಗಮನಿಸಿ. ಒಂದು, "ತಲುಪುವ ಹೊತ್ತಿಗೆ". ಆರ್ಡರ್ ಮಾಡಿದ ದಿನ ಲೆಕ್ಕಕ್ಕಿಲ್ಲ. ಸಾಮಾನು ಎಂಟು ದಿನ ದಾರಿಯಲ್ಲಿ ಕೂತಿದ್ದರೆ ಆ ಎಂಟು ದಿನ ಅವರ ಲೆಕ್ಕದಲ್ಲೇ ಕಳೆಯಬೇಕು. ಇನ್ನೊಂದು, "ಇಲ್ಲವೇ". ಶೇಕಡಾ 30 ಮತ್ತು 45 ದಿನ, ಎರಡೂ ಇರಲೇಬೇಕು ಅಂತ ಅದರಲ್ಲಿ ಇಲ್ಲ. ಯಾವುದು ಜಾಸ್ತಿಯೋ ಅದು ಅಂತಲೂ ಇಲ್ಲ. ಹಾಗಾಗಿ ಒಂದು ಇದ್ದರೆ ಸಾಕು ಅಂತ ಕಂಪನಿ ವಾದಿಸಬಹುದು. ಆ ವಾದವನ್ನು ಸುಲಭವಾಗಿ ತಳ್ಳಿಹಾಕಲು ಆಗುವುದಿಲ್ಲ.

ಲೆಕ್ಕ ಹಾಕಿ ನೋಡೋಣ. ರಾಗಿ ಮಾಲ್ಟ್ ತಯಾರಾದದ್ದು ಜನವರಿ 10, ಮುಗಿಯುವುದು ಜುಲೈ 9. ಮಧ್ಯೆ 180 ದಿನ. ಅದರ ಶೇಕಡಾ 30 ಅಂದರೆ 54 ದಿನ. ಜೂನ್ 21ರಂದು ಉಳಿದಿದ್ದು 18 ದಿನ, ಅಂದರೆ ಶೇಕಡಾ 10 ಮಾತ್ರ. 54 ಇಲ್ಲ, 45 ಕೂಡ ಇಲ್ಲ. ಎರಡು ಅಳತೆಯಲ್ಲೂ ಬಿದ್ದುಹೋಯಿತು. ಇಂಥ ದೂರು ಗಟ್ಟಿ.

ಇದೇ ಜಾಗದಲ್ಲಿ ಒಂದು ಬಿಸ್ಕೆಟ್ ಪೊಟ್ಟಣ ಇದ್ದಿದ್ದರೆ? ಅದರ ಬಾಳಿಕೆ 9 ತಿಂಗಳು, ಹತ್ತಿರಹತ್ತಿರ 270 ದಿನ ಅಂತಿಟ್ಟುಕೊಳ್ಳಿ. ಶೇಕಡಾ 30 ಅಂದರೆ 81 ದಿನ. ನಿಮ್ಮ ಕೈಗೆ ಬಂದಾಗ 60 ದಿನ ಉಳಿದಿದೆ. 81ಕ್ಕೆ ಕಮ್ಮಿ, 45ಕ್ಕೆ ಜಾಸ್ತಿ. ಈ ದೂರನ್ನು ನಾನಾದರೆ ಮುಂದಕ್ಕೆ ಒಯ್ಯುವುದಿಲ್ಲ. ಎರಡೂ ಅಳತೆಗೆ ಸಿಗದೆ ಹೋದದ್ದನ್ನು ಮಾತ್ರ ಹಿಡಿಯಿರಿ ಅಂತಲೇ ಎಲ್ಲರಿಗೂ ಹೇಳುತ್ತೇನೆ.

ಬ್ರೆಡ್, ಮೊಸರಿನಂಥ ಸಾಮಾನಿಗೆ 45 ದಿನದ ಮಾತೇ ಬರುವುದಿಲ್ಲ. ಅವುಗಳ ಇಡೀ ಆಯಸ್ಸೇ ಅಷ್ಟಿರುವುದಿಲ್ಲ. ಅಲ್ಲಿ ಶೇಕಡಾ 30 ಒಂದೇ ಅಳತೆ. ಐದು ದಿನದ ಬ್ರೆಡ್ ಆದರೆ ಒಂದೂವರೆ ದಿನ ಉಳಿದಿರಬೇಕು. ಹದಿನೈದು ದಿನದ ಮೊಸರಿನ ಡಬ್ಬಿ ಆದರೆ ನಾಲ್ಕೂವರೆ ದಿನ. ಕೊನೆಯ ದಿನದ ಬ್ರೆಡ್ಡು ಸಂಜೆ ಏಳು ಗಂಟೆಗೆ ಬಾಗಿಲಿಗೆ ಬಂದರೆ ಅದು ತಪ್ಪೇ.

ತಾರೀಖು ಓದುವುದರಲ್ಲೂ ಒಂದು ತೊಡಕಿದೆ. 2020ರ ಲೇಬಲ್ ನಿಯಮದಂತೆ ಎಕ್ಸ್‌ಪೈರಿ ತಾರೀಖನ್ನು ಹಾಕಲೇಬೇಕು. 'ಬೆಸ್ಟ್ ಬಿಫೋರ್' ಹಾಕುವುದು ಅವರ ಇಷ್ಟ. ಎರಡೂ ಒಂದೇ ಅಲ್ಲ. ಎಕ್ಸ್‌ಪೈರಿ ದಾಟಿದ ಮೇಲೆ ಮಾರಬಾರದು, ತಿನ್ನಬಾರದು. ಬೆಸ್ಟ್ ಬಿಫೋರ್ ದಾಟಿದರೆ ರುಚಿ, ಗರಿಗರಿ ಕಮ್ಮಿಯಾಗಬಹುದು ಅಷ್ಟೇ. ಲೆಕ್ಕಕ್ಕೆ ಎಕ್ಸ್‌ಪೈರಿಯನ್ನೇ ಹಿಡಿಯಿರಿ. ಮೂರು ತಿಂಗಳ ಒಳಗೆ ಮುಗಿಯುವ ಸಾಮಾನಿಗೆ ದಿನ, ತಿಂಗಳು, ವರ್ಷ ಮೂರೂ ಇರಬೇಕು. ಮೂರು ತಿಂಗಳಿಗಿಂತ ಜಾಸ್ತಿ ಬಾಳುವುದಕ್ಕೆ ತಿಂಗಳು, ವರ್ಷ ಇದ್ದರೆ ಸಾಕು. ಬರೀ 'ಜುಲೈ 2025' ಅಂತ ಇದ್ದರೆ ನಾನು ಜುಲೈ 31ರವರೆಗೆ ಅಂತಲೇ ಎಣಿಸುತ್ತೇನೆ. ಮಾರಿದವರಿಗೆ ಅನುಕೂಲ ಆಗುವ ಹಾಗೆ ಎಣಿಸಿದ ಮೇಲೂ ಲೆಕ್ಕ ಕಮ್ಮಿ ಬಿದ್ದರೆ ಅವರಿಗೆ ಹೇಳಲು ಏನೂ ಉಳಿಯುವುದಿಲ್ಲ.

ಇನ್ನು ಇಂಥ ಸಾಮಾನು ನಮ್ಮ ಮನೆಗೆ ಬರುವುದಾದರೂ ಯಾಕೆ? ಗೋದಾಮಿನಲ್ಲಿ ಮೊದಲು ಬಂದದ್ದನ್ನು ಮೊದಲು ಕಳಿಸುತ್ತಾರೆ ಅಂದುಕೊಳ್ಳಿ. ಆಹಾರಕ್ಕೆ ಅದು ಸಾಲದು. ಮೊದಲು ಮುಗಿಯುವುದನ್ನು ಮೊದಲು ಕಳಿಸಬೇಕು. ನಿನ್ನೆ ಬಂದ ಲೋಡಿನಲ್ಲೇ ಹಳೆಯ ತಾರೀಖಿನದು ಇರಬಹುದು. ಬೇರೆ ಊರಿನ ಗೋದಾಮಿನಲ್ಲಿ ಮಾರದೆ ಉಳಿದದ್ದು ಇಲ್ಲಿಗೆ ಬಂದಿರಬಹುದು. ಹೆಚ್ಚು ಜನ ಕೇಳದ ಸಾಮಾನು ಶೆಲ್ಫಿನ ಹಿಂದೆಯೇ ಕೂತಿರುತ್ತದೆ. ಸಾಮಾನು ತೆಗೆಯುವ ಹುಡುಗನ ಕೈಯಲ್ಲಿ ನಿಮಿಷದ ಲೆಕ್ಕ ಇರುತ್ತದೆ. ತಾರೀಖು ನೋಡುತ್ತಾ ನಿಲ್ಲಲು ಅವನಿಗೆ ಸಮಯ ಕೊಟ್ಟಿರುವುದಿಲ್ಲ. ದಯವಿಟ್ಟು ಡೆಲಿವರಿ ಹುಡುಗರ ಮೇಲೆ ರೇಗಬೇಡಿ. ತಪ್ಪು ಅವರದ್ದಲ್ಲ.

ಅಂಗಡಿಯಲ್ಲಿ ಪ್ಯಾಕೆಟ್ ತಿರುಗಿಸಿ ನೋಡಿ ತಗೊಳ್ಳುತ್ತೇವೆ. ಆ್ಯಪ್‌ನಲ್ಲಿ ತಿರುಗಿಸಲು ಆಗುವುದಿಲ್ಲ. ನನ್ನ ಪ್ರಕಾರ ಇಡೀ ವಿಷಯದ ಬೇರು ಇಲ್ಲಿದೆ. 2020ರ ಇ-ಕಾಮರ್ಸ್ ನಿಯಮಗಳಲ್ಲಿ ಮಾರುವವರು ಗ್ರಾಹಕರಿಗೆ ಕೊಡಬೇಕಾದ ವಿವರಗಳ ಪಟ್ಟಿ ಇದೆ. ಅದರಲ್ಲಿ ಸಾಮಾನಿನ ಎಕ್ಸ್‌ಪೈರಿ ತಾರೀಖೂ ಸೇರಿದೆ. ಅಕ್ಕ ನೋಡಿದ ಪುಟದಲ್ಲಿ ಇದ್ದದ್ದು 'ಬಾಳಿಕೆ: 6 ತಿಂಗಳು' ಅನ್ನುವ ಒಂದೇ ಸಾಲು. ಅದನ್ನು ನಂಬಿಯೇ ಎರಡು ಪ್ಯಾಕೆಟ್ ತಗೊಂಡಳು. ಇಬ್ಬರು ಮಕ್ಕಳಿಗೆ ದಿನಕ್ಕೆ 50 ಗ್ರಾಂ ಖರ್ಚಾಗುತ್ತದೆ. ಎರಡು ಕೆಜಿ 40 ದಿನಕ್ಕೆ ಬರುತ್ತದೆ. ಹದಿನೆಂಟು ದಿನದಲ್ಲಿ ಖಾಲಿಯಾಗುವುದು 900 ಗ್ರಾಂ. ಉಳಿದ 1,100 ಗ್ರಾಂ ಬೀದಿ ಪಾಲು.

2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಇದಕ್ಕೆ ಸರಿಯಾಗಿ ಹೊಂದುತ್ತದೆ. ಸೇವೆಯ ಕೊರತೆ ಅಂದರೆ ಏನು ಅನ್ನುವುದನ್ನು 2ನೇ ಸೆಕ್ಷನ್ನಿನ 11ನೇ ಕಲಂ ಹೇಳುತ್ತದೆ. ತಿಳಿಸಬೇಕಾದ ಮಾಹಿತಿಯನ್ನು ಬೇಕಂತಲೇ ತಡೆಹಿಡಿಯುವುದೂ ಅದರೊಳಗೆ ಬರುತ್ತದೆ. ನೋಡಿ, ಎಫ್‌ಎಸ್‌ಎಸ್‌ಎಐ ಹೇಳಿದ್ದು ಮಾರ್ಗಸೂಚಿ. ಬರೀ ಅದೊಂದನ್ನೇ ಹಿಡಿದು ಹೋದರೆ "ಅದು ಸಲಹೆ ಅಷ್ಟೇ" ಅಂದುಬಿಡಬಹುದು. ಅದರ ಜೊತೆಗೆ ಇ-ಕಾಮರ್ಸ್ ನಿಯಮವನ್ನೂ ಈ ಕಲಮನ್ನೂ ಸೇರಿಸಿ ಬರೆದರೆ ದೂರಿಗೆ ಕಾಲು ಬರುತ್ತದೆ. ನಿಯಮ ಹೇಳಿದ ವಿವರ ಕೊಡಲಿಲ್ಲ, ಅದರಿಂದ ನನಗೆ ಇಷ್ಟು ನಷ್ಟವಾಯಿತು ಅಂತ ತೋರಿಸಿದ ಹಾಗಾಗುತ್ತದೆ.

'ವಾಪಸ್ ತಗೊಳ್ಳುವುದಿಲ್ಲ' ಅನ್ನುವ ಸಾಲಿನ ಬಗ್ಗೆ ಒಂದು ಮಾತು. ಸಾಮಾನು ದೋಷದ್ದಾಗಿದ್ದರೆ, ಸೇವೆಯಲ್ಲಿ ಕೊರತೆ ಇದ್ದರೆ, ಹೇಳಿದ ಗುಣ ಅದರಲ್ಲಿ ಇಲ್ಲದಿದ್ದರೆ, ವಾಪಸ್ ತಗೊಳ್ಳದೆ ಇರುವ ಹಾಗಿಲ್ಲ, ದುಡ್ಡು ಕೊಡಲು ನಿರಾಕರಿಸುವ ಹಾಗಿಲ್ಲ ಅಂತ ಅದೇ ಇ-ಕಾಮರ್ಸ್ ನಿಯಮಗಳು ಮಾರುವವರಿಗೆ ಹೇಳುತ್ತವೆ. ಅವರ ಆ್ಯಪ್‌ನ ಷರತ್ತು ಇದಕ್ಕಿಂತ ದೊಡ್ಡದಲ್ಲ. ಮನಸ್ಸು ಬದಲಾಯಿತು ಅಂತ ವಾಪಸ್ ಕೊಡುವುದಕ್ಕೆ ಆ ಷರತ್ತು ಅಡ್ಡ ಬರಬಹುದು. ಇದಕ್ಕಲ್ಲ.

ಅಕ್ಕನ ಕೈಲಿ ಆವತ್ತು ರಾತ್ರಿಯೇ ಏನೇನು ಮಾಡಿಸಿದೆ ಅಂತ ಹೇಳುತ್ತೇನೆ. ಪ್ಯಾಕೆಟ್ ಒಡೆಯಬೇಡ ಅಂದೆ. ತಾರೀಖು, ಬ್ಯಾಚ್ ನಂಬರು, 14 ಅಂಕಿಯ ಎಫ್‌ಎಸ್‌ಎಸ್‌ಎಐ ಲೈಸೆನ್ಸ್ ನಂಬರು ಮೂರೂ ಕಾಣುವ ಹಾಗೆ ಫೋಟೋ ತೆಗೆಸಿದೆ. ಬಿಲ್ಲನ್ನೂ ಡೆಲಿವರಿ ಆದ ಸಮಯವನ್ನೂ ಸ್ಕ್ರೀನ್‌ಶಾಟ್ ಮಾಡಿಸಿದೆ. ಎಲ್ಲಕ್ಕಿಂತ ಮುಖ್ಯವಾಗಿ, ಆ 'ಬಾಳಿಕೆ: 6 ತಿಂಗಳು' ಅಂತಿದ್ದ ಪುಟದ ಸ್ಕ್ರೀನ್‌ಶಾಟ್ ತೆಗೆಸಿದೆ. ಪುಟ ನಾಳೆ ಬದಲಾಗಬಹುದು. ಚಾಟ್‌ನಲ್ಲಿ ಬಂದ ಉತ್ತರವನ್ನೂ ಹಾಗೇ ಉಳಿಸಿಕೊಂಡೆವು. ಚಾಟ್ ಕಿಟಕಿ ಮುಚ್ಚಿದ ಮೇಲೆ ಕೆಲವು ಆ್ಯಪ್‌ಗಳಲ್ಲಿ ಅದು ಮತ್ತೆ ಸಿಗುವುದಿಲ್ಲ.

ಆಮೇಲೆ ಚಾಟ್ ಬಿಟ್ಟು ಕುಂದುಕೊರತೆ ಅಧಿಕಾರಿಗೆ ಇಮೇಲ್ ಬರೆದೆವು. ಪ್ರತಿ ಆನ್‌ಲೈನ್ ಕಂಪನಿಯೂ ಇಂಥ ಅಧಿಕಾರಿಯ ಹೆಸರು, ವಿಳಾಸ ಕೊಡಲೇಬೇಕು. ಆ್ಯಪ್‌ನ ತೀರಾ ಕೆಳಗೆ, ನಿಯಮ ಷರತ್ತುಗಳ ಪುಟದಲ್ಲಿ ಇರುತ್ತದೆ. ದೂರು ಬಂದಿದೆ ಅಂತ 48 ಗಂಟೆಯೊಳಗೆ ತಿಳಿಸಬೇಕು. ಒಂದು ತಿಂಗಳೊಳಗೆ ಬಗೆಹರಿಸಬೇಕು. ನಾವು ಬರೆದದ್ದು ಇಷ್ಟು:

"21-06-2025ರಂದು ತಲುಪಿದ ಎರಡು ಪ್ಯಾಕೆಟ್ ರಾಗಿ ಮಾಲ್ಟ್‌ನ ಒಟ್ಟು ಬಾಳಿಕೆ 180 ದಿನ. ತಲುಪಿದ ದಿನ ಉಳಿದಿದ್ದು 18 ದಿನ. ಇದು ಶೇಕಡಾ 30ಕ್ಕೂ 45 ದಿನಕ್ಕೂ ಕಡಿಮೆ. ನಿಮ್ಮ ಪುಟದಲ್ಲಿ ಎಕ್ಸ್‌ಪೈರಿ ತಾರೀಖು ತೋರಿಸಿರಲಿಲ್ಲ, ಬಾಳಿಕೆ 6 ತಿಂಗಳು ಎಂದಷ್ಟೇ ಇತ್ತು. ಪ್ಯಾಕೆಟ್‌ಗಳನ್ನು ಒಡೆದಿಲ್ಲ. ಬಂದು ತೆಗೆದುಕೊಂಡು ಹೋಗಬಹುದು. 680 ರೂಪಾಯಿ ಮತ್ತು ಡೆಲಿವರಿಯ 25 ರೂಪಾಯಿ, ಒಟ್ಟು 705 ರೂಪಾಯಿ ವಾಪಸ್ ಕೊಡಬೇಕು. ಫೋಟೋ ಮತ್ತು ಬಿಲ್ ಜೊತೆಗಿವೆ."

ಇದರಲ್ಲಿ ಒಂದೂ ಸಿಟ್ಟಿನ ಮಾತಿಲ್ಲ. ಲೆಕ್ಕ ಇದೆ, ಬೇಕಾದ ಮೊತ್ತ ಇದೆ. ಇಮೇಲನ್ನು ಬಿಲ್ಲಿನಲ್ಲಿದ್ದ ಮಾರಾಟಗಾರರಿಗೂ ಕಳಿಸಿದೆವು. ಯಾಕೆಂದರೆ "ನಾವು ಬರೀ ವೇದಿಕೆ, ಮಾರಿದವರು ಬೇರೆ" ಅಂತ ಆ್ಯಪ್‌ನವರು ಹೇಳುವುದು ಮಾಮೂಲು. ಬಿಲ್ ಎತ್ತಿ ನೋಡಿ, ಆ್ಯಪ್‌ನ ಹೆಸರು ಬೇರೆ, ಬಿಲ್ಲಿನ ಹೆಸರು ಬೇರೆ ಇರುತ್ತದೆ. ಇಬ್ಬರನ್ನೂ ಸೇರಿಸಿಕೊಂಡರೆ ಒಬ್ಬರು ಇನ್ನೊಬ್ಬರ ಕಡೆ ಕೈ ತೋರಿಸಲು ಆಗುವುದಿಲ್ಲ.

ಎರಡನೇ ದಿನ ದೂರು ಬಂದಿದೆ ಅನ್ನುವ ಉತ್ತರ ಬಂತು. ನಾಲ್ಕನೇ ದಿನ 100 ರೂಪಾಯಿಯ ಕೂಪನ್ ಕೊಡುತ್ತೇವೆ ಅಂದರು. ಇಲ್ಲಿ ಹುಷಾರಾಗಿರಬೇಕು. ಕೂಪನ್ ತಗೊಂಡರೆ ವಿಷಯ ಮುಗಿಯಿತು ಅಂತ ಅವರು ಬರೆದುಕೊಳ್ಳಬಹುದು. "ಕೂಪನ್ ಬೇಡ, ದುಡ್ಡು ಯಾವ ರೀತಿ ಕೊಟ್ಟಿದ್ದೆನೋ ಅದೇ ರೀತಿ ವಾಪಸ್ ಬರಲಿ" ಅಂತ ಅಕ್ಕ ಒಂದೇ ಸಾಲು ಬರೆದಳು. ಆಮೇಲೆ ಒಂದು ವಾರ ಸದ್ದಿಲ್ಲ.

ಹತ್ತನೇ ದಿನ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿಸಿದೆ. ಕನ್ನಡದಲ್ಲೂ ಮಾತಾಡಬಹುದು. consumerhelpline.gov.in ನಲ್ಲೂ ದೂರು ಹಾಕಬಹುದು. ಅವರು ತೀರ್ಪು ಕೊಡುವುದಿಲ್ಲ, ದಂಡ ಹಾಕುವುದಿಲ್ಲ. ದೂರನ್ನು ಕಂಪನಿಗೆ ಕಳಿಸಿ ಉತ್ತರ ಕೇಳುತ್ತಾರೆ. ಅಷ್ಟಕ್ಕೇ ಎಷ್ಟೋ ದೂರು ಮುಗಿಯುತ್ತದೆ. ಅಕ್ಕನದ್ದೂ ಹಾಗೇ ಆಯಿತು. ಹದಿನಾರನೇ ದಿನ, ಜುಲೈ 7ಕ್ಕೆ, 705 ರೂಪಾಯಿ ಖಾತೆಗೆ ಬಂತು. ಪ್ಯಾಕೆಟ್ ತಗೊಂಡು ಹೋಗಲು ಯಾರೂ ಬರಲಿಲ್ಲ.

ದುಡ್ಡು ಬರದಿದ್ದರೆ ಮುಂದೇನು ಅನ್ನುವುದನ್ನೂ ಹೇಳುತ್ತೇನೆ. ಜಿಲ್ಲಾ ಗ್ರಾಹಕ ಆಯೋಗ ಇದೆ. ನೀವಿರುವ ಜಿಲ್ಲೆಯಲ್ಲೇ ದೂರು ಹಾಕಬಹುದು, ಕಂಪನಿ ಎಲ್ಲೇ ಇರಲಿ. ಇದು 2019ರ ಕಾಯ್ದೆಯಲ್ಲಿ ಬಂದ ದೊಡ್ಡ ಅನುಕೂಲ. 5 ಲಕ್ಷದವರೆಗಿನ ವಿಷಯಕ್ಕೆ ಶುಲ್ಕ ಇಲ್ಲ. ವಕೀಲರು ಬೇಕೇ ಬೇಕು ಅಂತಿಲ್ಲ. ಘಟನೆ ನಡೆದು ಎರಡು ವರ್ಷದೊಳಗೆ ಹಾಕಬೇಕು. 2025ರ ಜನವರಿಯಿಂದ ಇ-ಜಾಗೃತಿ ಅನ್ನುವ ಜಾಲತಾಣದಲ್ಲಿ, ಅಂದರೆ e-jagriti.gov.in ನಲ್ಲಿ, ಮನೆಯಲ್ಲೇ ಕೂತು ದೂರು ಸಲ್ಲಿಸಬಹುದು. ಆಯೋಗ ದುಡ್ಡು ವಾಪಸ್ ಕೊಡಿಸಬಹುದು, ಪರಿಹಾರ ಕೊಡಿಸಬಹುದು, ನೀವು ಮಾಡಿದ ಖರ್ಚನ್ನೂ ಕೊಡಿಸಬಹುದು.

ಆದರೆ 705 ರೂಪಾಯಿಯ ಸಾಮಾನಿಗೆ ಲಕ್ಷಗಟ್ಟಲೆ ಪರಿಹಾರ ಕೇಳಬೇಡಿ. ಪರಿಹಾರ ಬೇಕಾದರೆ ಆದ ತೊಂದರೆಯನ್ನು ತೋರಿಸಬೇಕು. ಎಷ್ಟು ಇಮೇಲ್ ಬರೆದಿರಿ, ಎಷ್ಟು ದಿನ ಅಲೆಸಿದರು, ಕೂಪನ್ ಕೊಟ್ಟು ಹೇಗೆ ಸಾಗಹಾಕಲು ನೋಡಿದರು, ಇದೆಲ್ಲ ಅಲ್ಲಿ ಲೆಕ್ಕಕ್ಕೆ ಬರುತ್ತದೆ. ಅದಕ್ಕೇ ಆ ಉತ್ತರಗಳನ್ನು ಉಳಿಸಿಕೊಳ್ಳಿ ಅಂದದ್ದು. ಸಮಯವೂ ಹಿಡಿಯುತ್ತದೆ. ಪರೀಕ್ಷೆ ಬೇಡದ ದೂರನ್ನು ಮೂರು ತಿಂಗಳಲ್ಲಿ ಮುಗಿಸಲು ನೋಡಬೇಕು ಅಂತ ಕಾಯ್ದೆ ಹೇಳುತ್ತದೆ. ನಡೆಯುವುದು ಅದಕ್ಕಿಂತ ನಿಧಾನ.

ಯಾವಾಗ ನಮ್ಮ ದೂರು ನಿಲ್ಲುವುದಿಲ್ಲ ಅಂತಲೂ ತಿಳಿದಿರಬೇಕು. 'ಅವಧಿ ಹತ್ತಿರ ಇದೆ, ಅದಕ್ಕೇ ಅರ್ಧ ಬೆಲೆ' ಅಂತ ತಾರೀಖು ಸಮೇತ ತೋರಿಸಿ ಮಾರಿದ್ದರೆ, ನೀವು ತಿಳಿದೇ ತಗೊಂಡ ಹಾಗಾಯಿತು. ಮುಕ್ಕಾಲು ಪ್ಯಾಕೆಟ್ ತಿಂದ ಮೇಲೆ ಪೂರ್ತಿ ದುಡ್ಡು ಕೇಳಿದರೂ ಒಪ್ಪುವುದಿಲ್ಲ. ತಲುಪಿದ ಒಂದು ತಿಂಗಳ ಮೇಲೆ ನೋಡಿದೆ ಅಂದರೂ ಕಷ್ಟ, ಬಿಲ್ಲು, ಫೋಟೋ ಎರಡೂ ಹೊಂದಬೇಕಲ್ಲ.

ಆಮೇಲೆ ಕೇಳಿದವರ ಪ್ರಶ್ನೆಗಳು ಬಂದವು. ಹಿರಿಯರೊಬ್ಬರು, "ಈ ಶೇಕಡಾ 30ರ ಲೆಕ್ಕ ನಮ್ಮ ಬೀದಿಯ ಶೆಟ್ಟರ ಅಂಗಡಿಗೂ ಉಂಟಾ?" ಅಂದರು. ಇಲ್ಲ. ಅದು ಆನ್‌ಲೈನ್ ಮಾರಾಟಕ್ಕೆ ಹೇಳಿದ್ದು. ಅಂಗಡಿಯವರು ಎಕ್ಸ್‌ಪೈರಿ ದಾಟಿದ್ದನ್ನು ಮಾರಬಾರದು, ಅಷ್ಟೇ. ಅಲ್ಲಿ ಪ್ಯಾಕೆಟ್ ನಿಮ್ಮ ಕೈಯಲ್ಲಿರುತ್ತದೆ. ದುಡ್ಡು ಕೊಡುವ ಮುಂಚೆ ನೋಡಿಕೊಳ್ಳಬೇಕು.

ಒಬ್ಬ ತಾಯಿ ಕೇಳಿದರು, ತಾರೀಖಿನ ಮೇಲೆ ಇನ್ನೊಂದು ಸ್ಟಿಕರ್ ಅಂಟಿಸಿದ್ದರೆ ಏನು ಮಾಡಬೇಕು ಅಂತ. ಅದು ಬೇರೆಯೇ ವಿಷಯ, ಗಂಭೀರದ್ದು. ಮುದ್ರಿಸಿದ ತಾರೀಖು ಒರೆಸಿದ ಗುರುತು, ಒಂದರ ಮೇಲೊಂದು ಶಾಯಿ, ಒಳಗಿನ ಪ್ಯಾಕೆಟ್ಟಿಗೂ ಹೊರಗಿನ ಪೆಟ್ಟಿಗೆಗೂ ಬೇರೆ ಬೇರೆ ತಾರೀಖು, ಇವುಗಳಲ್ಲಿ ಯಾವುದು ಕಂಡರೂ ಆ ಸ್ಟಿಕರ್ ಕೀಳಬೇಡಿ. ಹಾಗೇ ಫೋಟೋ ತೆಗೆದು, ಪ್ಯಾಕೆಟ್ ಕವರಿಗೆ ಹಾಕಿಟ್ಟು, ಎಫ್‌ಎಸ್‌ಎಸ್‌ಎಐ ಸಹಾಯವಾಣಿ 1800-112-100ಕ್ಕೆ ಹೇಳಿ. ನಿಮ್ಮ ಜಿಲ್ಲೆಯ ಆಹಾರ ಸುರಕ್ಷತಾ ಅಧಿಕಾರಿಗೂ ಬರೆದು ಕೊಡಿ. ದುಡ್ಡು ವಾಪಸ್ ಬಂದಿದ್ದರೂ ಇದನ್ನು ಬಿಡಬೇಡಿ, ಅದೇ ಲೋಡಿನ ಪ್ಯಾಕೆಟ್ಟು ಬೇರೆ ಮನೆಗಳಿಗೂ ಹೋಗಿರುತ್ತದೆ.

ಕೊನೆಗೆ ಒಬ್ಬ ಹುಡುಗ, "ನಿಮ್ಮ ಅಕ್ಕ ಆ ಎರಡು ಪ್ಯಾಕೆಟ್ ಏನು ಮಾಡಿದ್ರು?" ಅಂತ ಕೇಳಿದ. ದುಡ್ಡು ಬಂದ ಮೇಲೆ ತಗೊಂಡು ಹೋಗಿ ಅಂತ ಇನ್ನೊಂದು ಇಮೇಲ್ ಹಾಕಿದಳು. ಯಾರೂ ಬರಲಿಲ್ಲ. ಅಷ್ಟರಲ್ಲಿ ಜುಲೈ 9 ದಾಟಿತು. ಎರಡನ್ನೂ ಒಡೆದು ತಾರೀಖಿನ ಭಾಗವನ್ನು ಕತ್ತರಿಸಿ, ಬಿಲ್ಲಿನ ಜೊತೆ ಕಡತದಲ್ಲಿಟ್ಟಳು. ಹಿಟ್ಟನ್ನು ಹಿತ್ತಲ ಗೊಬ್ಬರದ ಗುಂಡಿಗೆ ಹಾಕಿದಳು. ಎರಡು ಕೆಜಿ ರಾಗಿ ಮಣ್ಣಿಗೆ ಹೋಯಿತಲ್ಲ ಅಂತ ಆವತ್ತು ಅವಳಿಗೆ ಊಟವೇ ಸೇರಲಿಲ್ಲ.